ಸ್ವರನೆಲೆಯ ಸಂಕ್ರಮಣ ಮತ್ತು ತಿರುಗಣಿ ಗುಚ್ಛ

ನಮ್ಮ ಸಂಗೀತದಲ್ಲಿ ಆಧಾರಷಡ್ಜವು ಅಚಲವಾದುದು. ತಂಬೂರಿಯನ್ನು ಒಮ್ಮೆ ಶ್ರುತಿ ಮಾಡಿ ಹಾಡಲು ಕುಳಿತ ಮೇಲೆ ರಾಗಗಳು ಎಷ್ಟು ಬದಲಾದರೂ ಷಡ್ಜವು ಕಚೇರಿ ಮುಗಿಯುವವರೆಗೆ ತನ್ನ ಸ್ಥಾನದಲ್ಲಿಯೇ ಇರುತ್ತದೆ. ಪಾಶ್ಚಾತ್ಯ ಸಂಗೀತದ ಪದ್ಧತಿ ಹೀಗಲ್ಲ. ಅಲ್ಲಿ ಒಂದೇ ಕೃತಿಯ ನಡುವೆ ಷಡ್ಜವೇ ಬೇರೊಂದು ಸ್ಥಾನಕ್ಕೆ ತೆರಳುತ್ತದೆ. ಕೇಳುಗನು ಹೊಸ ಸ್ಥಾನವನ್ನೇ ತನ್ನ ನೆಲೆಯೆಂದು ಒಪ್ಪಿಕೊಳ್ಳುತ್ತಾನೆ. ಇದನ್ನು ಅವರು ಮಾಡ್ಯುಲೇಷನ್ ಎನ್ನುತ್ತಾರೆ. ಇಲ್ಲಿ ನಾವು ಅದನ್ನು ಸ್ವರನೆಲೆಯ ಸಂಕ್ರಮಣವೆಂದು ಕರೆಯೋಣ. ಈ ಸಂಕ್ರಮಣವು ಕಿವಿಗೆ ಧಕ್ಕೆಯಾಗದಂತೆ ನಡೆಯಲು ಅವರು ಕಂಡುಕೊಂಡ ಉಪಾಯಗಳಲ್ಲಿ ಮುಖ್ಯವಾದುದನ್ನು ಹಾರ್ಮೋನಿಯಮ್ಮಿನ ಮೇಲೆ ನುಡಿಸಿ ನೋಡುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಇದು ಕೇವಲ ಪರದೇಶದ ವಿದ್ಯೆಯೆಂದು ತಳ್ಳಿಹಾಕುವಂತಿಲ್ಲ. ಸದಾಶಿವನಗರದ ಶಾಲೆಯೇ ಆಗಲಿ, ಗುಬ್ಬಿ ಕುಣಿಗಲುಗಳ ಶಾಲೆಯೇ ಆಗಲಿ, ವಾರ್ಷಿಕೋತ್ಸವದ ವೇದಿಕೆಯ ಮೇಲೆ ಹಾರ್ಮೋನಿಯಂ ನುಡಿಸುವ ಉಪಾಧ್ಯಾಯರಿಗೆ ಈ ಸಮಸ್ಯೆ ತಪ್ಪಿದ್ದಲ್ಲ. ದೊಡ್ಡ ಹುಡುಗರ ಪ್ರಾರ್ಥನೆ ಬಿಳಿ ಒಂದರ ಶ್ರುತಿಯಲ್ಲಿ ಮುಗಿಯುತ್ತದೆ. ಅದರ ಬೆನ್ನಿಗೇ ಹಾಡಬೇಕಾದ ಚಿಕ್ಕ ಮಕ್ಕಳಿಗೆ ಬಿಳಿ ಐದರ ಶ್ರುತಿ ಅನುಕೂಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿಯೂ ಸೇರಿದಂತೆ ವೃತ್ತಿ ರಂಗಭೂಮಿಯಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದವರಿಗೂ ನಟನೊಬ್ಬನ ಶ್ರುತಿಯಿಂದ ಮತ್ತೊಬ್ಬನ ಶ್ರುತಿಗೆ ಹೋಗುವ ಕೆಲಸ ನಿತ್ಯದ್ದಾಗಿತ್ತು. ಸಾಮಾನ್ಯವಾಗಿ ಇಂಥಲ್ಲಿ ಒಂದು ಶ್ರುತಿಯನ್ನು ನಿಲ್ಲಿಸಿ, ಕ್ಷಣ ಬಿಟ್ಟು ಮತ್ತೊಂದನ್ನು ಹಿಡಿಯುವುದೇ ರೂಢಿ. ಆ ಕ್ಷಣದಲ್ಲಿ ಮಕ್ಕಳ ಕಿವಿಯಲ್ಲಿ ಹಳೆಯ ಷಡ್ಜವೇ ಗುನುಗುತ್ತಿರುತ್ತದೆ. ಅವರಲ್ಲಿ ಅರ್ಧ ಜನ ಅದರಲ್ಲಿಯೇ ಎತ್ತಿಕೊಂಡರೆ ತಪ್ಪು ಅವರದಲ್ಲ.

ಮೊದಲು ಎರಡು ನೆಲೆಗಳ ಸಂಬಂಧವನ್ನು ನೋಡಬೇಕು. ಹಾರ್ಮೋನಿಯಮ್ಮಿನ ಬಿಳಿ ಮನೆಗಳನ್ನು ಒಂದರಿಂದ ಏಳರವರೆಗೆ ಎಣಿಸಿಕೊಂಡು ಬಿಳಿ 1ನ್ನು ಷಡ್ಜವಾಗಿ ಹಿಡಿದರೆ, ಬಿಳಿಯ ಮನೆಗಳಷ್ಟರಿಂದಲೇ ಧೀರಶಂಕರಾಭರಣ ಮೇಳದ ಸ್ವರಗಳು ದೊರೆಯುತ್ತವೆ. ಪಾಶ್ಚಾತ್ಯರ ಸಿ ಮೇಜರ್ ಇದೇ. ಈಗ ಪಂಚಮವನ್ನು, ಎಂದರೆ ಬಿಳಿ 5ನ್ನು, ಷಡ್ಜ ಮಾಡಿಕೊಂಡು ಅದೇ ಶಂಕರಾಭರಣವನ್ನು ನುಡಿಸಲು ಹೊರಟರೆ ಆರು ಮನೆಗಳು ಹಿಂದಿನವೇ ಆಗಿರುತ್ತವೆ. ಒಂದು ಮಾತ್ರ ಬದಲಾಗುತ್ತದೆ: ಬಿಳಿ 4ನ್ನು ಬಿಟ್ಟು ಅದರ ಮುಂದಿನ ಕಪ್ಪು 3ನ್ನು ಹಿಡಿಯಬೇಕು. ಇದು ಜಿ ಮೇಜರ್. ಹೀಗೆ ಹೆಚ್ಚೆಂದರೆ ಒಂದೇ ಸ್ವರದ ವ್ಯತ್ಯಾಸವುಳ್ಳ ನೆಲೆಗಳನ್ನು ಸಮೀಪದ ನೆಲೆಗಳೆನ್ನುತ್ತಾರೆ. ಹಳೆಯ ಷಡ್ಜದಿಂದ ನೋಡಿದರೆ ಕಪ್ಪು 3 ಪ್ರತಿಮಧ್ಯಮ. ಹೊಸ ಷಡ್ಜದಿಂದ ನೋಡಿದರೆ ಅದೇ ಕಾಕಲಿ ನಿಷಾದ. ಈ ಒಂದು ಮನೆಗೆ ಎರಡು ಹೆಸರಿರುವುದನ್ನು ಓದುಗರು ನೆನಪಿನಲ್ಲಿಡಬೇಕು.

ಗ್ರಹಭೇದವನ್ನು ಬಲ್ಲವರು ಇದು ಅದೇ ತಾನೇ ಎಂದು ಕೇಳಬಹುದು. ಆದರೆ ಇದು ಅದಲ್ಲ. ಗ್ರಹಭೇದದಲ್ಲಿ ಸ್ವರಸ್ಥಾನಗಳು ಹಾಗೆಯೇ ಉಳಿದು ಷಡ್ಜದ ಭಾವನೆ ಮಾತ್ರ ಸರಿಯುತ್ತದೆ. ಮೋಹನದ ರಿಷಭವನ್ನು ಷಡ್ಜವೆಂದು ಭಾವಿಸಿದರೆ ಮಧ್ಯಮಾವತಿ ಕಾಣಿಸಿಕೊಳ್ಳುವುದು ಹೀಗೆ. ರಾಗಮಾಲಿಕೆಯಲ್ಲಿ ಇದಕ್ಕೆ ವಿರುದ್ಧವಾಗಿ ಷಡ್ಜವು ನಿಂತಿದ್ದು ಸ್ವರಸ್ಥಾನಗಳು ಬದಲಾಗುತ್ತವೆ. ಸಂಕ್ರಮಣದಲ್ಲಾದರೋ ಷಡ್ಜವೂ ಸರಿಯುತ್ತದೆ, ಒಂದು ಸ್ವರವೂ ಬದಲಾಗುತ್ತದೆ. ಕೊನೆಗೆ ದೊರೆಯುವುದು ಮತ್ತೆ ಶಂಕರಾಭರಣವೇ.

ಎರಡೂ ಒಟ್ಟಿಗೆ ಬದಲಾದರೆ ಕಿವಿ ದಾರಿ ತಪ್ಪುವುದು ಸಹಜ. ಇಲ್ಲಿ ಸಹಾಯಕ್ಕೆ ಬರುವುದು ಸ್ವರಗುಚ್ಛ, ಎಂದರೆ ಕಾರ್ಡ್. ಒಂದು ಮನೆಯನ್ನು ಹಿಡಿದು, ಒಂದನ್ನು ಬಿಟ್ಟು ಒಂದರಂತೆ ಮೂರು ಮನೆಗಳನ್ನು ಒಟ್ಟಿಗೆ ಒತ್ತಿದರೆ ಒಂದು ಗುಚ್ಛವಾಗುತ್ತದೆ. ಬಿಳಿ 1, 3, 5 ಸೇರಿ ಷಡ್ಜದ ಗುಚ್ಛ. 2, 4, 6 ಸೇರಿ ರಿಷಭದ ಗುಚ್ಛ. ಹೀಗೆ ಒಂದು ನೆಲೆಗೆ ಏಳು ಗುಚ್ಛಗಳು. ನಮ್ಮ ಎರಡು ನೆಲೆಗಳಲ್ಲಿ ಬಿಳಿ 4 ಒಂದೇ ಬೇರೆಯಾದ್ದರಿಂದ, ಅದು ಸೇರಿರುವ ಮೂರು ಗುಚ್ಛಗಳನ್ನು ಬಿಟ್ಟರೆ ಉಳಿದ ನಾಲ್ಕು ಎರಡಕ್ಕೂ ಸಮಾನ: 1-3-5, 3-5-7, 5-7-2 ಮತ್ತು 6-1-3. ಈ ಸಮಾನ ಗುಚ್ಛಗಳಲ್ಲಿ ಒಂದನ್ನು ಸೇತುವೆಯಾಗಿ ಬಳಸುವುದೇ ಉಪಾಯ. ಪಾಶ್ಚಾತ್ಯರು ಅದನ್ನು ಪಿವಟ್ ಕಾರ್ಡ್ ಎನ್ನುವರು. ಹಳೆಯ ಕಾಲದ ಬಾಗಿಲು ತಿರುಗಣಿಯ ಮೇಲೆ ನಿಂತು ಒಳಕ್ಕೂ ಹೊರಕ್ಕೂ ತಿರುಗುವಂತೆ ಇದು ಎರಡು ನೆಲೆಗಳಿಗೂ ಮುಖ ಮಾಡಿರುವುದರಿಂದ ತಿರುಗಣಿ ಗುಚ್ಛವೆಂಬ ಹೆಸರು ಒಪ್ಪುತ್ತದೆ.

ನಾಲ್ಕರಲ್ಲಿ ಯಾವುದಾದರೂ ಆದೀತೇ? ಆಗುತ್ತದೆ, ಆದರೆ ಫಲ ಒಂದೇ ಅಲ್ಲ. 1-3-5 ಹಳೆಯ ನೆಲೆಯ ಷಡ್ಜದ ಗುಚ್ಛವೇ ಆದ್ದರಿಂದ ಅದನ್ನು ಕೇಳಿದಾಗ ಕಿವಿಗೆ ಊರು ಬಿಟ್ಟ ಭಾವನೆಯೇ ಬರುವುದಿಲ್ಲ. 5-7-2 ನಾವು ಸೇರಬೇಕಾದ ಊರೇ. ದಾರಿಯ ನಡುವೆ ಅದನ್ನು ತೋರಿಸಿಬಿಟ್ಟರೆ, ಕಿವಿ ಅದನ್ನು ಹಳೆಯ ನೆಲೆಯ ಪಂಚಮದ ಗುಚ್ಛವೆಂದೇ ತಿಳಿದು ಮತ್ತೆ ಬಿಳಿ 1ರ ಕಡೆಗೇ ಹೊರಳುತ್ತದೆ. 3-5-7 ಅಷ್ಟು ಬಲವುಳ್ಳದ್ದಲ್ಲ. ನನ್ನ ಅಭಿಪ್ರಾಯದಲ್ಲಿ ಕಲಿಯುವವರು ಮೊದಲು ಹಿಡಿಯಬೇಕಾದುದು 6-1-3. ಹಳೆಯ ನೆಲೆಯಲ್ಲಿ ಅದು ಧೈವತದ ಗುಚ್ಛ, ಹೊಸ ನೆಲೆಯಲ್ಲಿ ರಿಷಭದ ಗುಚ್ಛ. ರಿಷಭದ ಗುಚ್ಛದ ಮುಂದೆ ಪಂಚಮದ ಗುಚ್ಛ ಬರುವುದು, ಅದರ ಮುಂದೆ ಷಡ್ಜ ಬರುವುದು ಆ ಸಂಗೀತದ ಅತ್ಯಂತ ಸಹಜವಾದ ನಡೆ. ಆದುದರಿಂದ 6-1-3 ಬಂದಾಗ ಕೇಳುಗನು ಏನೂ ಬದಲಾಗಿಲ್ಲವೆಂದು ನಿಶ್ಚಿಂತನಾಗಿರುತ್ತಾನೆ. ಆದರೆ ವಾದಕನ ಬೆರಳು ಆಗಲೇ ಹೊಸ ನೆಲೆಯ ಎರಡನೆಯ ಮೆಟ್ಟಿಲಿನ ಮೇಲಿರುತ್ತದೆ.

ಇದರ ಶುದ್ಧವಾದ ಉದಾಹರಣೆ ಬಾಖ್ ಮಹಾಶಯನ ಒಂದು ಪುಟ್ಟ ರಚನೆಯಲ್ಲಿದೆ. 1722ರ ವೇಳೆಗೆ ಆತನು ಸಿದ್ಧಪಡಿಸಿದ ವೆಲ್ ಟೆಂಪರ್ಡ್ ಕ್ಲೇವಿಯರ್ ಎಂಬ ಸಂಪುಟದ ಮೊದಲನೆಯ ಪ್ರೆಲ್ಯೂಡ್ ಅದು. ಅಲ್ಲಿ ಪ್ರತಿಯೊಂದು ಆವರ್ತಕ್ಕೂ ಒಂದೇ ಗುಚ್ಛ. ಅದರ ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸಲಾಗಿದೆ. ನಾವು ಅವನ್ನು ಒಟ್ಟಿಗೆ ಒತ್ತಿ ನೋಡಿದರೂ ಸಾಕು. ಮೊದಲ ನಾಲ್ಕು ಆವರ್ತಗಳು ಬಿಳಿ 1ರ ನೆಲೆಯನ್ನು ಭದ್ರಪಡಿಸಿ 1-3-5ಕ್ಕೆ ಮರಳುತ್ತವೆ. ಐದನೆಯ ಆವರ್ತದಲ್ಲಿ 1 ಮತ್ತು 3 ಇದ್ದಲ್ಲಿಯೇ ಇರುತ್ತವೆ. 5ರ ಬದಲು 6 ಬರುತ್ತದೆ. ಇದೇ ತಿರುಗಣಿ. ಆರನೆಯದರಲ್ಲಿ ಕೆಳಗಿನ 1 ಇನ್ನೂ ಕದಲುವುದಿಲ್ಲ. ಅದರ ಮೇಲೆ 2, ಕಪ್ಪು 3 ಮತ್ತು 6 ಸೇರುತ್ತವೆ. ಹೊಸ ಸ್ವರವು ಮೊದಲ ಸಲ ಕೇಳಿಬರುವುದು ಇಲ್ಲಿ. ಏಳನೆಯದರಲ್ಲಿ ಕೆಳಗಿನ 1 ಪಕ್ಕದ ಮಂದ್ರದ 7ಕ್ಕೆ ಇಳಿಯುತ್ತದೆ, ಕಪ್ಪು 3 ಪಕ್ಕದ 5ಕ್ಕೆ ಏರುತ್ತದೆ, 2 ಹಾಗೆಯೇ ಉಳಿಯುತ್ತದೆ. ಅಲ್ಲಿಗೆ ಬಿಳಿ 5ರ ಷಡ್ಜಗುಚ್ಛ ಕೈಗೆ ಬಂದಂತಾಯಿತು. ನಾಲ್ಕು, ಐದು, ಆರು ಈ ಮೂರು ಆವರ್ತಗಳಲ್ಲಿಯೂ ಅತ್ಯಂತ ಕೆಳಗಿನ ಸ್ವರ ಒಂದೇ ಆಗಿರುವುದನ್ನು ಗಮನಿಸಬೇಕು. ಎಲ್ಲವೂ ನಿಂತ ನೆಲದ ಮೇಲೆಯೇ ನಡೆದು, ಕೊನೆಗೆ ನೆಲವು ಒಂದೇ ಒಂದು ಮನೆ ಸರಿಯುತ್ತದೆ.

ಬಾಖ್ ಇಲ್ಲಿಗೇ ನಿಲ್ಲಿಸುವುದಿಲ್ಲ. ಏಳನೆಯ ಆವರ್ತದಲ್ಲಿ ಕೆಳಗೆ ಇರುವುದು 7, ಹೊಸ ಷಡ್ಜವಲ್ಲ. ಆದ್ದರಿಂದ ಕಿವಿಗೆ ಪೂರ್ತಿ ವಿಶ್ರಾಂತಿ ಸಿಗದು. ಒಂದೇ ಸಲ ಕಪ್ಪು 3ನ್ನು ಮುಟ್ಟಿ ಬಂದರೆ ಅದು ನೆಲೆ ಬದಲಿಸಿದಂತಾಗದೆ ನೆರೆಮನೆಗೆ ಹೋಗಿಬಂದಂತಾಗುತ್ತದೆ. ಅದಕ್ಕಾಗಿ ಎಂಟು ಮತ್ತು ಒಂಬತ್ತನೆಯ ಆವರ್ತಗಳಲ್ಲಿ ಮತ್ತೊಮ್ಮೆ ಸುತ್ತಿ 6-1-3ನ್ನು ಬಿಳಿ 5ರೊಡನೆ ತಂದು, ಹತ್ತನೆಯದರಲ್ಲಿ 2ನ್ನು ಕೆಳಗಿಟ್ಟು ಕಪ್ಪು 3ನ್ನು ಮರಳಿ ನುಡಿಸಿ, ಹನ್ನೊಂದನೆಯದರಲ್ಲಿ ಬಿಳಿ 5ನ್ನೇ ತಳದಲ್ಲಿ ಸ್ಥಾಪಿಸುತ್ತಾನೆ. ಆತನು ಅಲ್ಲಿ ಬಹಳ ಹೊತ್ತು ನಿಲ್ಲದೆ ಹನ್ನೆರಡರಲ್ಲೇ ಬೇರೆ ಕಡೆಗೆ ಹೊರಡುವುದು ಬೇರೆ ಮಾತು.

ನಮ್ಮ ಶಾಲೆಗಳ ವೇದಿಕೆಗೆ ಇಷ್ಟು ಸಾಕು: ಪ್ರಾರ್ಥನೆಯ ಕೊನೆಯಲ್ಲಿ 1-3-5, ಅನಂತರ 1-3-6, ಬಳಿಕ 1, 2, ಕಪ್ಪು 3, 6, ಆಮೇಲೆ ಮಂದ್ರದ 7, 2, 5. ಕೊನೆಯ ಮೂರನ್ನು ಇನ್ನೊಮ್ಮೆ ನುಡಿಸಿ, ಎರಡನೆಯ ಸಲ ಬಿಳಿ 5ನ್ನು ಎಲ್ಲಕ್ಕೂ ಕೆಳಗಿಟ್ಟು ನಿಲ್ಲಿಸಬೇಕು. ಒಂದೊಂದು ಗುಚ್ಛಕ್ಕೆ ನಾಲ್ಕು ಅಕ್ಷರದ ಕಾಲ ಕೊಟ್ಟರೆ ಅವಸರವಾಗದು. ಸಂಕ್ರಮಣವು ಸಿದ್ಧಿಸಿತೋ ಇಲ್ಲವೋ ಎಂದು ತಿಳಿಯಲು ವಾದ್ಯವನ್ನು ನಿಲ್ಲಿಸಿ, ಒಬ್ಬ ಹುಡುಗನಿಗೆ ‘ಸ’ ಹೇಳೆನ್ನಬೇಕು. ಅವನು ಬಿಳಿ 5ನ್ನು ಹೇಳಿದರೆ ಸರಿ. ಬಿಳಿ 1ಕ್ಕೆ ಮರಳಿದರೆ ದೃಢೀಕರಣ ಸಾಲದೆಂದು ಅರ್ಥ.

ಕೆಡುವುದು ಹೆಚ್ಚಾಗಿ ಎರಡು ಕಡೆ. ಬಿಳಿ 4 ಸೇರಿದ ಗುಚ್ಛವನ್ನು ಬಿಟ್ಟ ಕೂಡಲೇ ಕಪ್ಪು 3ನ್ನು ಬೇರೊಂದು ಸ್ಥಾಯಿಯಲ್ಲಿ ನುಡಿಸಿದರೆ, ಶುದ್ಧ ಮಧ್ಯಮವೂ ಪ್ರತಿಮಧ್ಯಮವೂ ಪರಸ್ಪರ ಜಗಳವಾಡಿದಂತೆ ಕೇಳುತ್ತದೆ. ತಿರುಗಣಿಯ ಗುಚ್ಛದಲ್ಲಿ ಇವೆರಡೂ ಇಲ್ಲ. ಹಳೆಯದು ಕಿವಿಯಿಂದ ಮಾಸಿದ ಮೇಲೆ ಹೊಸದು ಬರುತ್ತದೆ. ನಡೆ ಮೃದುವಾಗಿ ತೋರುವುದಕ್ಕೆ ಇದೂ ಒಂದು ಕಾರಣ. ಎರಡನೆಯದು ನಮ್ಮವರಿಗೇ ವಿಶೇಷವಾದ ತೊಡಕು. ಶ್ರುತಿಪೆಟ್ಟಿಗೆಯೋ ಹಾರ್ಮೋನಿಯಮ್ಮಿನ ಶ್ರುತಿಯ ಗುಂಡಿಯೋ ಬಿಳಿ 1ನ್ನು ಮೊರೆಯುತ್ತಲೇ ಇದ್ದರೆ, ಯಾವ ಗುಚ್ಛವನ್ನು ನುಡಿಸಿದರೂ ಷಡ್ಜ ಸರಿಯುವುದಿಲ್ಲ. ಆಗ ಕಪ್ಪು 3 ನಿಷಾದವಾಗದೆ ಪ್ರತಿಮಧ್ಯಮವಾಗಿಯೇ ಉಳಿದು, ಸಭಿಕರು ಕೇಳುವುದು ಪಂಚಮದ ಮೇಲೆ ನಿಂತ ಮೇಚಕಲ್ಯಾಣಿಯನ್ನು. ತಿರುಗಣಿಯ ಗುಚ್ಛಕ್ಕೆ ಬರುವ ಹೊತ್ತಿಗೆ ಶ್ರುತಿಯನ್ನು ಮುಚ್ಚಿರಬೇಕು. ಕರ್ನಾಟಕ ಕೃತಿಗಳನ್ನು ರಚಿಸಿ, ಪಿಯಾನೋವನ್ನೂ ಅಭ್ಯಾಸ ಮಾಡಿದ್ದ ಜಯಚಾಮರಾಜ ಒಡೆಯರ್ ಅವರಂಥವರು (1919–1974) ಈ ಎರಡು ಕಿವಿಗಳನ್ನೂ ಒಟ್ಟಿಗೆ ಇಟ್ಟುಕೊಂಡಿದ್ದರೆಂಬುದು ಬೆರಗಿನ ಸಂಗತಿಯೇ ಸರಿ.

ಬಿಳಿ 1ರಿಂದ ಬಿಳಿ 4ರ ನೆಲೆಗೂ ಇದೇ ರೀತಿ ಹೋಗಬಹುದು. ಅಲ್ಲಿ ಬದಲಾಗುವುದು ಬಿಳಿ 7, ಬರುವುದು ಕಪ್ಪು 5; ತಿರುಗಣಿಯಾಗಿ 2-4-6 ಒದಗುತ್ತದೆ. ಆದರೆ ದೂರದ ನೆಲೆಗಳಿಗೆ ಈ ಉಪಾಯ ಬಡವಾಗುತ್ತ ಹೋಗುತ್ತದೆ. ಬಿಳಿ 1 ಮತ್ತು ಬಿಳಿ 2ರ ನೆಲೆಗಳ ನಡುವೆ ಸಮಾನವಾದ ಗುಚ್ಛಗಳು ಎರಡೇ: 3-5-7 ಮತ್ತು 5-7-2. ಬಿಳಿ 1 ಮತ್ತು ಬಿಳಿ 6ರ ನಡುವೆ ಒಂದೂ ಇಲ್ಲ. ಬಿಳಿ 2ಕ್ಕೆ ಹೋಗಬೇಕಾದವರು ಮೊದಲು ಬಿಳಿ 5ಕ್ಕೆ ಹೋಗಿ, ಅಲ್ಲಿ ತುಸು ನಿಂತು, ಹೊಸ ನೆಲೆಯ ಧೈವತದ ಗುಚ್ಛವಾದ 3-5-7ನ್ನು ತಿರುಗಣಿಯಾಗಿ ಹಿಡಿದು ಮುಂದೆ ಸಾಗುವುದು ಲೇಸು.