ಏಜೆನ್ಸಿ ಬಿಟ್ರೆ ಹೋರ್ಡಿಂಗ್ ಯಾರದು?

ಜಾಹೀರಾತು ಏಜೆನ್ಸಿಗೆ ಗುತ್ತಿಗೆ ರದ್ದತಿ ನೋಟಿಸ್ ಕೊಡ್ತಿದ್ದೀರಾ?
ಮುಂದಿನ ತಿಂಗಳ ಹೋರ್ಡಿಂಗ್‌ಗೆ ಆಗಲೇ 4 ಲಕ್ಷ ಕೊಟ್ಟಿದ್ದೀರಲ್ಲ,
ಅದರ ಗತಿ?

ಅಡುಗೆ ಕಾಂಟ್ರಾಕ್ಟರ್ ಕೈಲಿ ಮದುವೆ ಛತ್ರ ಬುಕ್ ಮಾಡಿಸಿದ ಹಾಗೆ ಇದು.
ದುಡ್ಡು ನಿಮ್ಮದು,
ಛತ್ರದ ಪುಸ್ತಕದಲ್ಲಿ ಹೆಸರು ಅವರದು.

ಅದಕ್ಕೇ ನೋಟಿಸಲ್ಲೇ ಕೇಳಿ:
ರಿಲೀಸ್ ಆರ್ಡರ್ ಎಲ್ಲಿ?
ಹೋರ್ಡಿಂಗ್‌ನವರು ಕೊಟ್ಟ ರಸೀದಿ ಎಲ್ಲಿ?
ರಸೀದಿ ಇಲ್ವಾ?
ದುಡ್ಡು ಇನ್ನೂ ಏಜೆನ್ಸಿಯಲ್ಲೇ ಕೂತಿರಬಹುದು.
ಹಾಗಿದ್ರೆ ಕೊನೇ ಲೆಕ್ಕದಲ್ಲಿ ಅದನ್ನ ಕಳೀಬೇಕು ಅಂತ ಬರೀರಿ.

ಇನ್ನು ಲೋಗೋ, ಪೋಸ್ಟರ್ ಡಿಸೈನು.
ಬಿಲ್ ಕಟ್ಟಿದ ಮಾತ್ರಕ್ಕೆ ಹಕ್ಕು ನಿಮ್ಮದಾಗಲ್ಲ!
ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ,
ಹಕ್ಕು ವರ್ಗಾವಣೆ ಲಿಖಿತವಾಗೇ ಇರಬೇಕು, ಸಹಿ ಸಮೇತ.
ಅವಧಿ ಬರೀದಿದ್ರೆ?
ಬರೀ 5 ವರ್ಷ.

ಆ ಹಕ್ಕು ವರ್ಗಾವಣೆ ಪತ್ರ, ಜೊತೆಗೆ ಎಡಿಟ್ ಮಾಡೋಕೆ ಬರೋ ಮೂಲ ಫೈಲು,
ಎರಡೂ ಕೈಗೆ ಬಂದ ದಿನವೇ ಕೊನೇ ಚೆಕ್ ಅಂತ ನೋಟಿಸಲ್ಲಿ ಸೇರಿಸಿ.