ಎರಡು ಕ್ಯಾಮೆರಾದ ಮದುವೆ ವಿಡಿಯೊ: 60 fpsಗೆ ಎಕ್ಸ್‌ಪೋರ್ಟ್ ಮಾಡಿ ಒಂದೇ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆಯೇ?

ಛತ್ರದಲ್ಲಿ ಫೋಟೋಗ್ರಾಫರ್ ದೊಡ್ಡ ಕ್ಯಾಮೆರಾದಲ್ಲಿ ಚಿತ್ರೀಕರಿಸಿರುತ್ತಾರೆ, ಚಿಕ್ಕಪ್ಪನ ಮಗ ಫೋನಿನಲ್ಲಿ. ಎರಡನ್ನೂ ಸೇರಿಸಿ ಮೂರು ನಿಮಿಷದ ಹೈಲೈಟ್ ಮಾಡಿದರೆ ಫೋನಿನ ದೃಶ್ಯ ಕುಲುಕುತ್ತದೆ, ಬಣ್ಣವೂ ಬೇರೆ ಕಾಣುತ್ತದೆ. ಇದಕ್ಕೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡು: ‘60 fpsಗೆ ಎಕ್ಸ್‌ಪೋರ್ಟ್ ಮಾಡಿ’, ‘ಎಲ್ಲಕ್ಕೂ ಒಂದೇ ಫಿಲ್ಟರ್ ಹಾಕಿ’. ಎರಡೂ ಕೆಲಸ ಮಾಡುವುದಿಲ್ಲ. ಮುಹೂರ್ತವನ್ನು ಮತ್ತೆ ಚಿತ್ರೀಕರಿಸಲು ಆಗುವುದಿಲ್ಲ. ಹಾಗಾಗಿ ಇರುವ ಕ್ಲಿಪ್‌ಗಳಿಂದಲೇ ದಾರಿ ಹುಡುಕಬೇಕು.

ಕುಲುಕು ಎಲ್ಲಿಂದ ಬರುತ್ತದೆ?

ವಿಡಿಯೊ ಎಂದರೆ ಬೇಗಬೇಗ ಬದಲಾಗುವ ಬಿಡಿ ಚಿತ್ರಗಳು, ಅಂದರೆ ಫ್ರೇಮ್‌ಗಳು. ನಮ್ಮಲ್ಲಿ ಕ್ಯಾಮೆರಾವನ್ನು PALಗೆ ಇಟ್ಟರೆ ಅದು ಸೆಕೆಂಡಿಗೆ 25 ಅಥವಾ 50 ಫ್ರೇಮ್ ತೆಗೆಯುತ್ತದೆ. ಫೋನ್ ಸಾಮಾನ್ಯವಾಗಿ 30 ತೆಗೆಯುತ್ತದೆ. 25ರ ಟೈಮ್‌ಲೈನಿಗೆ ಫೋನಿನ ಕ್ಲಿಪ್ ಹಾಕಿದಾಗ ಸಾಫ್ಟ್‌ವೇರ್ ಪ್ರತಿ ಆರು ಫ್ರೇಮ್‌ಗೆ ಒಂದನ್ನು ಬಿಟ್ಟುಬಿಡುತ್ತದೆ. ಅಂದರೆ ಸೆಕೆಂಡಿಗೆ ಐದು ಸಣ್ಣ ಜಿಗಿತ. ನಿಂತ ದೃಶ್ಯದಲ್ಲಿ ಇದು ಗೊತ್ತಾಗುವುದಿಲ್ಲ, ಫೋನನ್ನು ಪಕ್ಕಕ್ಕೆ ತಿರುಗಿಸುತ್ತಾ ತೆಗೆದ ದೃಶ್ಯದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ 60ಕ್ಕೆ ಎಕ್ಸ್‌ಪೋರ್ಟ್ ಮಾಡಿದರೆ ಹೋದ ಫ್ರೇಮ್ ಹಿಂದೆ ಬರುವುದಿಲ್ಲ. ಉಳಿದ ಫ್ರೇಮ್‌ಗಳೇ ಎರಡು ಬಾರಿ, ಮೂರು ಬಾರಿ ಮರುಕಳಿಸುತ್ತವೆ, ಅಷ್ಟೇ.

ಫ್ರೇಮ್ ಬಿಡುವ ಬದಲು ನಿಧಾನ ಮಾಡಿ

ಅಕ್ಷತೆ ಹಾಕುವ 10 ಸೆಕೆಂಡಿನ ಫೋನ್ ಕ್ಲಿಪ್ ತೆಗೆದುಕೊಳ್ಳೋಣ. ಅದರಲ್ಲಿ 300 ಫ್ರೇಮ್ ಇವೆ. ಒಂದನ್ನೂ ಬಿಡದೆ ಸೆಕೆಂಡಿಗೆ 25ರಂತೆ ಓಡಿಸಿದರೆ ಅದು 12 ಸೆಕೆಂಡ್ ಓಡುತ್ತದೆ. ಚಲನೆ ತುಸು ನಿಧಾನವಾದರೂ ಪೂರ್ತಿ ನಯ. ಹಾಡಿನ ಮೇಲೆ ಕೂರುವ ಹೈಲೈಟ್‌ಗೆ ಈ ನಿಧಾನ ಚೆನ್ನಾಗಿಯೇ ಒಪ್ಪುತ್ತದೆ. DaVinci Resolveನಲ್ಲಿ ಹೀಗೆ ಮಾಡಲು ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, Clip Attributes ತೆರೆದು, ಫ್ರೇಮ್ ರೇಟನ್ನು 25 ಮಾಡಬೇಕು. ಟೈಮ್‌ಲೈನಿನ 25 ಅನ್ನು ಮಾತ್ರ ಕ್ಲಿಪ್‌ಗಳನ್ನು ತರುವ ಮೊದಲೇ ಹೊಂದಿಸಿಕೊಳ್ಳಿ.

ಮಾತು, ಮಂತ್ರ, ವಾಲಗದ ಧ್ವನಿ ಬೇಕಾದ ಕಡೆ ಈ ಉಪಾಯ ನಡೆಯದು, ತುಟಿ ಮತ್ತು ಧ್ವನಿ ಬೇರೆಯಾಗುತ್ತವೆ. ಅಲ್ಲಿ ಕ್ಯಾಮೆರಾದ ಕ್ಲಿಪ್ ಬಳಸಿ. ಅದು ಇಲ್ಲದಿದ್ದರೆ ಫೋನ್ ಅಲುಗಾಡದ ಕ್ಲಿಪ್ಪನ್ನು ಆರಿಸಿ. Optical Flow ಎಂಬ ಆಯ್ಕೆ ನಡುವಿನ ಫ್ರೇಮ್‌ಗಳನ್ನು ಊಹಿಸಿ ಹೊಸದಾಗಿ ಸೃಷ್ಟಿಸುತ್ತದೆ. ಆದರೆ ಹಾರುವ ಅಕ್ಷತೆ, ಅಡ್ಡಾಡುವ ಕೈಗಳ ಸುತ್ತ ಚಿತ್ರ ಕರಗಿದಂತೆ ಕಾಣಬಹುದು.

ಒಂದೇ ಫಿಲ್ಟರ್ ಏಕೆ ಸಾಲದು?

ಫಿಲ್ಟರ್ ಎರಡೂ ಕ್ಲಿಪ್‌ಗಳನ್ನು ಒಂದೇ ರೀತಿ ಬದಲಿಸುತ್ತದೆ. ಮೊದಲೇ ಇದ್ದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಆದ್ದರಿಂದ ಮೊದಲು ಫೋನಿನ ಬಣ್ಣವನ್ನು ಕ್ಯಾಮೆರಾದ ಬಣ್ಣಕ್ಕೆ ಹೊಂದಿಸಿ, ಫಿಲ್ಟರ್ ಕೊನೆಗಿರಲಿ.

ಮೊದಲ ಅನುಮಾನ HDR ಮೇಲಿರಲಿ. ಈಚಿನ ಹಲವು ಫೋನ್‌ಗಳು HDRನಲ್ಲಿ ರೆಕಾರ್ಡ್ ಮಾಡುತ್ತವೆ. ಸಾಮಾನ್ಯ ಟೈಮ್‌ಲೈನಿನಲ್ಲಿ ಅದರ ಬಿಳಿ ಭಾಗ ಸುಟ್ಟಂತೆಯೋ ಇಡೀ ಚಿತ್ರ ಮಂಕಾಗಿಯೋ ಕಾಣುತ್ತದೆ. ಅಂಥ ಕ್ಲಿಪ್ಪನ್ನು Color Space Transform ಬಳಸಿ Rec.709ಗೆ ತಂದುಕೊಳ್ಳಿ. ಇದನ್ನು ಮಾಡದೆ ಬಣ್ಣ ತಿದ್ದಲು ಹೋದರೆ ಎಷ್ಟು ತಿದ್ದಿದರೂ ಮುಗಿಯುವುದಿಲ್ಲ.

ನಂತರ ಎರಡೂ ಕ್ಯಾಮೆರಾಗಳಲ್ಲಿ ಬಿದ್ದಿರುವ ಒಂದು ಬಿಳಿ ವಸ್ತುವನ್ನು ಹುಡುಕಿ. ವಧೂವರರ ನಡುವೆ ಹಿಡಿಯುವ ಅಂತರಪಟ ಬಿಳಿಯದಾಗಿದ್ದರೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಬೆಳಕು ಬದಲಾಗಿರಬಾರದು, ಹಾಗಾಗಿ ಎರಡು ಕ್ಲಿಪ್‌ಗಳಲ್ಲೂ ಅದೇ ಕ್ಷಣವನ್ನು ನಿಲ್ಲಿಸಿಕೊಳ್ಳಿ. Parade ಗ್ರಾಫ್ ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ತೋರಿಸುತ್ತದೆ. ಕ್ಯಾಮೆರಾ ಕ್ಲಿಪ್‌ನಲ್ಲಿ ಬಟ್ಟೆಯ ಜಾಗದಲ್ಲಿ ಮೂರೂ ಹೆಚ್ಚುಕಡಿಮೆ ಸಮ ಎತ್ತರದಲ್ಲಿದ್ದು, ಫೋನಿನದರಲ್ಲಿ ನೀಲಿ ಕೆಳಗಿದ್ದರೆ, ಬಟ್ಟೆ ಹಳದಿಯಾಗಿ ಕಂಡದ್ದು ಅದರಿಂದಲೇ. ಮೊದಲು ಒಟ್ಟು ಬೆಳಕನ್ನು ಹೊಂದಿಸಿ, ಆಮೇಲೆ Gainನಲ್ಲಿ ನೀಲಿಯನ್ನು ಏರಿಸಿ. ಕೊನೆಯಲ್ಲಿ ಮದುಮಗಳ ಮುಖ ಎರಡರಲ್ಲೂ ಒಂದೇ ಬಣ್ಣದಲ್ಲಿದೆಯೇ ನೋಡಿ, ಇಲ್ಲದಿದ್ದರೆ ಬಣ್ಣದ ಗಾಢತೆಯನ್ನು ತುಸು ಇಳಿಸಿ.

ಇದಕ್ಕೂ ಮಿತಿ ಇದೆ. ಕೆಂಪು ಸೀರೆಯ ಮಡಿಕೆಗಳೇ ಕಾಣದಷ್ಟು ಬಣ್ಣ ತುಂಬಿ ರೆಕಾರ್ಡ್ ಆಗಿದ್ದರೆ ಆ ವಿವರವನ್ನು ಮರಳಿ ತರಲು ಆಗುವುದಿಲ್ಲ. ಅಂಥ ಕ್ಲಿಪ್ಪನ್ನು ಕ್ಯಾಮೆರಾ ಕ್ಲಿಪ್‌ನ ಪಕ್ಕದಲ್ಲೇ ಇಡಬೇಡಿ, ನಡುವೆ ಊಟದ ಎಲೆಯದೋ ಹೂವಿನದೋ ದೃಶ್ಯ ಬರಲಿ.

ಮುಂದಿನ ಮದುವೆಗೆ

ಸಾಧ್ಯವಿದ್ದರೆ ಫೋನನ್ನೂ 25ಕ್ಕೆ ಇಡಿ, HDR ಆಫ್ ಮಾಡಿ. ಕ್ಲಿಪ್‌ಗಳನ್ನು ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಫೋನಿನಿಂದ ನೇರವಾಗಿ ಕಾಪಿ ಮಾಡಿಕೊಳ್ಳಿ.