ಸಬ್‌ಟೈಟಲ್‌ ಬದಲಾದರೆ ಸ್ವಭಾವವೂ ಬದಲು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಾವು ಗೆಳೆಯರು ಸೇರಿದಾಗ ಕೊರಿಯನ್ ಸರಣಿಗಳ ಮಾತು ಬಂದೇ ಬರುತ್ತದೆ. ನಮ್ಮಲ್ಲಿ ಯಾರಿಗೂ ಕೊರಿಯನ್ ಬರುವುದಿಲ್ಲ. ಕೆಲವರು ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾರೆ, ಕೆಲವರು ಡಬ್ ಆದದ್ದನ್ನು ಕೇಳುತ್ತಾರೆ. ಹಾಗಾಗಿ ಒಂದೇ ಪಾತ್ರದ ಬಗ್ಗೆ ನಮ್ಮೊಳಗೇ ಜಗಳ. ಈ ಜಗಳಕ್ಕೆ ಕಾರಣ ನೋಡುವವರ ಅಭಿರುಚಿ ಮಾತ್ರವಲ್ಲ. ನಾವು ನಿಜವಾಗಿಯೂ ಬೇರೆ ಬೇರೆ ಪಾತ್ರಗಳನ್ನೇ ನೋಡಿರುತ್ತೇವೆ.

2021ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಸ್ಕ್ವಿಡ್ ಗೇಮ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಹಾನ್ ಮಿ-ನ್ಯೊ ಎಂಬ ಬಾಯಿಬಡುಕಿ ಹೆಂಗಸಿದ್ದಾಳೆ. ತನ್ನನ್ನು ಜೊತೆಗೆ ಸೇರಿಸಿಕೊಳ್ಳಿ ಎಂದು ಇತರ ಆಟಗಾರರನ್ನು ಒಪ್ಪಿಸಲು ಒಂದು ಮಾತು ಹೇಳುತ್ತಾಳೆ. ಕೊರಿಯನ್‌ನಲ್ಲಿ ಅದರ ಅರ್ಥ ಇಷ್ಟು: ನಾನು ಬಹಳ ಬುದ್ಧಿವಂತೆ, ಓದಲು ಅವಕಾಶ ಸಿಗಲಿಲ್ಲ ಅಷ್ಟೇ. ನಮ್ಮ ಕಡೆ ಹೇಳುವುದಾದರೆ, ‘ನನಗ ಭಾಳ ಬುದ್ಧಿ ಐತಿ, ಸಾಲಿ ಕಲಿಯಾಕ ಆಗಲಿಲ್ಲ ಅಷ್ಟ.’ ಈ ಮಾತನ್ನು ನಮ್ಮ ಊರುಗಳಲ್ಲಿ ಎಷ್ಟು ತಾಯಂದಿರ ಬಾಯಲ್ಲಿ ಕೇಳಿಲ್ಲ?

ಇದೇ ಮಾತು ಇಂಗ್ಲಿಷಿಗೆ ಎರಡು ರೀತಿಯಲ್ಲಿ ಬಂತು. ಕ್ಲೋಸ್ಡ್ ಕ್ಯಾಪ್ಷನ್‌ನಲ್ಲಿ ಆಕೆ, ‘ನಾನೇನು ಮಹಾ ಮೇಧಾವಿಯಲ್ಲ, ಆದರೂ ಹೇಗೋ ದಾರಿ ಕಂಡುಕೊಂಡೆ’ ಎನ್ನುತ್ತಾಳೆ. ಸಾಮಾನ್ಯ ಸಬ್‌ಟೈಟಲ್‌ನಲ್ಲಿ, ‘ಓದುವ ಗೋಜಿಗೆ ಹೋಗಲಿಲ್ಲ, ಆದರೆ ವಿಪರೀತ ಬುದ್ಧಿವಂತೆ’ ಎಂಬ ಅರ್ಥ ಬರುತ್ತದೆ. ಮೊದಲನೆಯದರಲ್ಲಿ ಅವಳು ತನ್ನ ಬುದ್ಧಿಯನ್ನೇ ಕಡಿಮೆ ಮಾಡಿಕೊಂಡಳು. ಎರಡನೆಯದರಲ್ಲಿ ಓದದೇ ಉಳಿದದ್ದು ಅವಳದೇ ಉದಾಸೀನ ಎಂದಾಯಿತು. ಬಡತನ ಅವಳಿಂದ ಶಾಲೆ ಕಸಿದುಕೊಂಡಿತು ಎಂಬ ಮೂಲದ ಸಂಕಟ ಎರಡರಲ್ಲೂ ಇಲ್ಲ. ಯೂಂಗ್‌ಮಿ ಮೇಯರ್ ಎಂಬ ಹಾಸ್ಯ ಕಲಾವಿದೆ ಕ್ಯಾಪ್ಷನ್‌ನ ಈ ವ್ಯತ್ಯಾಸವನ್ನು ವಿಡಿಯೊ ಮಾಡಿ ತೋರಿಸಿದಾಗ ಅದು ಜಗತ್ತಿನಾದ್ಯಂತ ಚರ್ಚೆಯಾಯಿತು.

ಎರಡು ಪಠ್ಯ ಏಕಿವೆ? ಡಬ್ಬಿಂಗ್ ಬರೆಯುವವರು ನಟಿಯ ತುಟಿ ತೆರೆದು ಮುಚ್ಚುವ ಹೊತ್ತಿಗೆ ಸರಿಯಾಗಿ ಮಾತು ಕೂರಿಸಬೇಕು. ಅರ್ಥ ಸರಿಯಿದ್ದರೂ ಉದ್ದವಾದರೆ ಆ ಸಾಲು ಬೀಳುತ್ತದೆ. ಕ್ಲೋಸ್ಡ್ ಕ್ಯಾಪ್ಷನ್ ಶ್ರವಣದೋಷ ಇರುವವರಿಗಾಗಿ ಇರುವುದರಿಂದ ಬಾಗಿಲ ಸದ್ದು, ಸಂಗೀತವನ್ನೂ ಬರೆಯುತ್ತದೆ. ಅದು ಸಾಮಾನ್ಯವಾಗಿ ಡಬ್ ಆದ ಮಾತನ್ನೇ ಅನುಸರಿಸುತ್ತದೆ. ಸಬ್‌ಟೈಟಲ್‌ಗೆ ತುಟಿಯ ಕಾಟವಿಲ್ಲ, ಜಾಗದ ಕಾಟವಿದೆ. ಒಮ್ಮೆಗೆ ಎರಡೇ ಸಾಲು, ಇಂಗ್ಲಿಷಿನಲ್ಲಿ ಸಾಲಿಗೆ ಹೆಚ್ಚೆಂದರೆ 42 ಅಕ್ಷರ. ಹಿಡಿಸದ ಮಾತನ್ನು ಕತ್ತರಿಸಲೇಬೇಕು.

ಇನ್ನೊಂದು ನಷ್ಟ ನಮಗೆ ಹೆಚ್ಚು ಹತ್ತಿರದ್ದು. ಅಲಿ ಎಂಬ ಪಾಕಿಸ್ತಾನಿ ಕಾರ್ಮಿಕನ ಪಾತ್ರವನ್ನು ನಮ್ಮ ದೇಶದ ಅನುಪಮ್ ತ್ರಿಪಾಠಿ ಮಾಡಿದ್ದಾರೆ. ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ಪಗಾರ ಸಿಗದ ಅವನು ಸಾಂಗ್-ವೂ ಎಂಬ ಆಟಗಾರನನ್ನು ‘ಸಾಜಾಂಗ್-ನಿಮ್’ ಎಂದು ಕರೆಯುತ್ತಾನೆ. ಕಂಪನಿಯ ಯಜಮಾನನಿಗೆ ಹೇಳುವ ಮಾತದು. ಬನಹಟ್ಟಿಯ ಮಗ್ಗದ ಕೆಲಸಗಾರ ‘ಮಾಲಕ್ರ’ ಅನ್ನುವ ಹಾಗೆ. ಹಾಗೆ ಕರೆಯಬೇಡ, ‘ಹ್ಯೊಂಗ್’ ಎನ್ನು ಎಂದು ಸಾಂಗ್-ವೂ ಹೇಳುತ್ತಾನೆ. ಹ್ಯೊಂಗ್ ಎಂದರೆ ಗಂಡುಮಕ್ಕಳು ಅಣ್ಣನನ್ನು ಕರೆಯುವ ಪದ. ಮಾಲಕ ಅಣ್ಣನಾಗುವ ಆ ಗಳಿಗೆಯಲ್ಲೇ ಅಲಿಯ ನಂಬಿಕೆ ಗಟ್ಟಿಯಾಗುತ್ತದೆ. ಆರನೇ ಕಂತಿನ ಗೋಲಿಯಾಟದಲ್ಲಿ ಅದೇ ಅಣ್ಣ ಗೋಲಿ ಕದ್ದು ಚೀಲಕ್ಕೆ ಕಲ್ಲು ತುಂಬುತ್ತಾನೆ. ಅಲಿ ‘ಹ್ಯೊಂಗ್, ಹ್ಯೊಂಗ್’ ಎಂದು ಹುಡುಕುತ್ತಾ ಅಲೆಯುವುದು ಕರುಳು ಹಿಂಡುತ್ತದೆ. ಇಂಗ್ಲಿಷಿನಲ್ಲಿ ಹೀಗೆ ಅಣ್ಣ ಎಂದು ಕರೆಯುವ ರೂಢಿಯಿಲ್ಲ. ‘ಸರ್’ ಹೋಗಿ ಹೆಸರಷ್ಟೇ ಉಳಿದರೆ ಸಾಂಗ್-ವೂ ಒಬ್ಬ ಮೋಸಗಾರ ಗೆಳೆಯನಾಗುತ್ತಾನೆ. ತಮ್ಮನ ಕುತ್ತಿಗೆ ಕೊಯ್ದ ಅಣ್ಣನಾಗುವುದಿಲ್ಲ.

ಕನ್ನಡಕ್ಕೆ ಇಲ್ಲಿ ಅನುಕೂಲವಿದೆ. ನಮ್ಮಲ್ಲಿ ಅಣ್ಣ, ಅಕ್ಕ, ಕಾಕಾ ಇದ್ದಾರೆ, ‘ನೀನು’ ಮತ್ತು ‘ನೀವು’ ಇವೆ. ಆದರೆ ಕೊರಿಯನ್ ಬಿಟ್ಟು ಇಂಗ್ಲಿಷ್ ಪಠ್ಯದಿಂದ ಅನುವಾದಿಸಿದರೆ ಈ ಅನುಕೂಲ ವ್ಯರ್ಥ. ಇಂಗ್ಲಿಷಿನ ಒಂದೇ ‘ಯೂ’ ನೋಡಿ ಯಾರು ಯಾರಿಗೆ ‘ನೀವು’ ಅನ್ನಬೇಕೆಂದು ಅನುವಾದಕ ಊಹಿಸಬೇಕಾಗುತ್ತದೆ. ಊಹೆ ತಪ್ಪಿದರೆ ವಿನಯವಂತ ಒರಟನಾಗುತ್ತಾನೆ, ಸಲುಗೆಯ ಗೆಳತಿ ದೂರದವಳಾಗುತ್ತಾಳೆ. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಚಿತ್ರರಂಗದ ವಿರೋಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಅಡ್ಡಿಯ ವಿರುದ್ಧ ಆದೇಶ ನೀಡಿತು. ಈಗ ಡಬ್ ಮಾಡಬಹುದೇ ಎಂಬುದಕ್ಕಿಂತ ಯಾವ ಭಾಷೆಯಿಂದ ಮಾಡುತ್ತಾರೆ ಎಂಬುದೇ ಮುಖ್ಯ.

ನೋಡುವ ನಾವು ಇದನ್ನು ಪತ್ತೆ ಹಚ್ಚಬಹುದು. ಆಡಿಯೊ ಮೂಲ ಭಾಷೆಯಲ್ಲೇ ಇರಲಿ. ಸಬ್‌ಟೈಟಲ್ ಪಟ್ಟಿಯಲ್ಲಿ English ಮತ್ತು English [CC] ಎರಡೂ ಇದ್ದರೆ ಮೊದಲನೆಯದನ್ನು ಆರಿಸಿ. ಅನುಮಾನ ಬಂದ ದೃಶ್ಯವನ್ನು ಎರಡರಲ್ಲೂ ನೋಡಿ. ಪಾತ್ರಗಳು ಒಬ್ಬರನ್ನೊಬ್ಬರು ಕರೆಯುವ ಪದಕ್ಕೆ ಕಿವಿಗೊಡಿ. ಅಲ್ಲಿಯವರೆಗೆ ಒಂದು ಪದದಿಂದ ಕರೆದವನು ಇದ್ದಕ್ಕಿದ್ದಂತೆ ಬೇರೆ ಪದ ಬಳಸಿ, ಕೆಳಗಿನ ಸಾಲಿನಲ್ಲಿ ಏನೂ ಬದಲಾಗದಿದ್ದರೆ, ಅಲ್ಲೊಂದು ಸಂಬಂಧ ಬದಲಾಗಿದೆ ಮತ್ತು ಅದು ನಮಗೆ ತಲುಪಿಲ್ಲ ಎಂದೇ ಅರ್ಥ.